ಹಾವು ಕಡಿದಾಗ ಕಟ್ಟುವ ಹಗ್ಗ: ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ



ಹಾವು ಕಡಿದ ಸುದ್ದಿ ತಿಳಿದೊಡನೆ ಹಳ್ಳಿಯಲ್ಲಿ ಮೊದಲು ನಡೆಯುವ ಕೆಲಸವೆಂದರೆ ಕಟ್ಟು ಹಾಕುವುದು. ಸೀರೆಯ ಅಂಚು, ಟವೆಲ್, ದನ ಕಟ್ಟುವ ಹಗ್ಗ, ಕೈಗೆ ಸಿಕ್ಕಿದ್ದನ್ನು ಕಡಿತದ ಮೇಲ್ಭಾಗದಲ್ಲಿ ಬಲವಾಗಿ ಬಿಗಿಯಲಾಗುತ್ತದೆ. ವಿಷ ಮೇಲಕ್ಕೆ ಏರಬಾರದೆಂಬ ಸದುದ್ದೇಶವೇ ಅದರ ಹಿಂದಿದೆ. ಆದರೆ ಆಸ್ಪತ್ರೆ ದೂರವಿರುವ ಊರುಗಳಲ್ಲಿ ಹೆಚ್ಚು ಹಾನಿ ಮಾಡುವ ಪದ್ಧತಿಗಳಲ್ಲಿ ಇದೂ ಒಂದು.

ಬಿಗಿದ ಕಟ್ಟು ವಿಷವನ್ನು ನಂಬಿಕೆಗೆ ತಕ್ಕಂತೆ ತಡೆಯುವುದಿಲ್ಲ. ರಕ್ತವನ್ನು ಮಾತ್ರ ತಡೆಯುತ್ತದೆ. ಕೊಳಕುಮಂಡಲದ ವಿಷಕ್ಕೆ ಮಾಂಸವನ್ನೇ ಕೊಳೆಯಿಸುವ ಗುಣವಿದೆ. ಅಂತಹ ವಿಷವನ್ನು ರಕ್ತಸಂಚಾರವಿಲ್ಲದ ಕಾಲಿನಲ್ಲಿ ಒಂದೆರಡು ಗಂಟೆ ಕೂಡಿಹಾಕಿದರೆ ಕಾಲು ಊದಿ, ಕಪ್ಪಾಗಿ, ಕೊನೆಗೆ ಕತ್ತರಿಸಬೇಕಾದ ಸ್ಥಿತಿ ಬರಬಹುದು. ಇನ್ನೊಂದು ಅಪಾಯ ಕಟ್ಟನ್ನು ಬಿಚ್ಚುವಾಗ ಎದುರಾಗುತ್ತದೆ. ನಾಗರಹಾವು ಅಥವಾ ಕಟ್ಟುಹಾವು ಕಡಿದವರ ಕಟ್ಟನ್ನು ದಾರಿಯಲ್ಲಿ ಥಟ್ಟನೆ ಬಿಚ್ಚಿದರೆ, ಕೂಡಿದ್ದ ವಿಷ ಒಮ್ಮೆಲೇ ಮೈಗೆ ಹರಡಿ ಉಸಿರಾಟ ನಿಲ್ಲಬಹುದು. ಆದ್ದರಿಂದ ಕಟ್ಟಲೇಬಾರದು. ಯಾರಾದರೂ ಈಗಾಗಲೇ ಬಿಗಿಯಾಗಿ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚದೆ ರೋಗಿಯನ್ನು ಶೀಘ್ರವಾಗಿ ವೈದ್ಯರ ಬಳಿಗೆ ಕರೆದೊಯ್ಯಬೇಕು. ಅವರು ಔಷಧಿ ಮತ್ತು ಉಸಿರಾಟದ ಉಪಕರಣವನ್ನು ಸಿದ್ಧವಿಟ್ಟುಕೊಂಡು ಬಿಚ್ಚುತ್ತಾರೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ತಾಲ್ಲೂಕು ಕೇಂದ್ರದಿಂದ 40 ಕಿಲೋಮೀಟರ್ ದೂರದ ಗ್ರಾಮ. ಸಂಜೆ 6.30ಕ್ಕೆ ಗದ್ದೆಯ ಬದುವಿನ ಮೇಲೆ ಬರುತ್ತಿದ್ದ ಕೂಲಿ ಮಹಿಳೆಯ ಪಾದಕ್ಕೆ ಕೊಳಕುಮಂಡಲ ಕಡಿಯುತ್ತದೆ. ಜೊತೆಯವರು ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಗಾಯವನ್ನು ಕೊಯ್ಯುತ್ತಾರೆ. ಇಬ್ಬರು ದೊಣ್ಣೆ ಹಿಡಿದು ಹಾವನ್ನು ಹುಡುಕುತ್ತಾರೆ. ಆಕೆ ಮನೆಯವರೆಗೆ ನಡೆದೇ ಬರುತ್ತಾಳೆ. 7.30ಕ್ಕೆ ಮಂತ್ರ ಹಾಕುವವರ ಮನೆ, ಅಲ್ಲಿ ಒಂದು ಗಂಟೆ. ಅಷ್ಟರಲ್ಲಿ ಒಸಡಿನಿಂದ ರಕ್ತ ಜಿನುಗತೊಡಗುತ್ತದೆ. ಕೊಯ್ದ ಜಾಗದ ರಕ್ತವೂ ನಿಲ್ಲುವುದಿಲ್ಲ. ಈ ಹಾವಿನ ವಿಷ ರಕ್ತಕ್ಕೆ ಹೆಪ್ಪುಗಟ್ಟುವ ಶಕ್ತಿಯನ್ನೇ ಇಲ್ಲವಾಗಿಸುತ್ತದೆ. ಹಾಗಾಗಿ ಬ್ಲೇಡಿನ ಸಣ್ಣ ಗಾಯವೂ ದೊಡ್ಡ ರಕ್ತಸ್ರಾವವಾಗುತ್ತದೆ. ವಾಹನ ದೊರೆತು ಆಸ್ಪತ್ರೆ ಮುಟ್ಟುವಾಗ ರಾತ್ರಿ 10 ಗಂಟೆ. ಇಷ್ಟು ತಡವಾದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವ ಹೆಚ್ಚು. ಜೀವ ಉಳಿದರೂ ಡಯಾಲಿಸಿಸ್‌ಗಾಗಿ ಜಿಲ್ಲಾ ಕೇಂದ್ರಕ್ಕೆ ಅಲೆದಾಟ ಬರಬಹುದು.

ಅದೇ ಮಹಿಳೆಯನ್ನು ಅದೇ ಬದುವಿನ ಮೇಲೆ ಬೇರೆ ರೀತಿಯಲ್ಲಿ ನೋಡಿಕೊಳ್ಳಬಹುದಿತ್ತು. ಎಲ್ಲರೂ ಹಾವಿನಿಂದ ದೂರ ಸರಿದು ಆಕೆಯನ್ನು ಅಲ್ಲಿಯೇ ಕೂರಿಸಿ, ಚಿಕಿತ್ಸೆ ಇದೆಯೆಂದು ಧೈರ್ಯ ಹೇಳಬೇಕು. ಊತ ಏರುವ ಮೊದಲೇ ಕಾಲುಂಗುರ, ಗೆಜ್ಜೆಗಳನ್ನು ತೆಗೆಯಬೇಕು. ಕೈಗೆ ಕಡಿದಿದ್ದರೆ ಬಳೆ, ಉಂಗುರಗಳನ್ನು ತೆಗೆಯಬೇಕು. ಗಾಯವನ್ನು ಉಜ್ಜಿ ತೊಳೆಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಮುರಿದ ಮೂಳೆಗೆ ಮಾಡುವಂತೆ ಕಾಲಿನ ಎರಡು ಬದಿಗೆ ಬಿದಿರಿನ ದಬ್ಬೆ ಅಥವಾ ನೇರವಾದ ಕೋಲು ಇಟ್ಟು, ಕಾಲು ಅಲುಗದಂತೆ ಬಟ್ಟೆಯಿಂದ ಸುತ್ತಬೇಕು. ಸುತ್ತಿದ ಬಟ್ಟೆಯ ಒಳಗೆ ಒಂದು ಬೆರಳು ಸುಲಭವಾಗಿ ತೂರುವಷ್ಟು ಸಡಿಲ ಇರಲಿ. ಸ್ನಾಯುಗಳ ಚಲನೆಯಿಂದ ವಿಷ ಬೇಗ ಹರಡುವುದರಿಂದ ಆಕೆ ಒಂದು ಹೆಜ್ಜೆಯನ್ನೂ ನಡೆಯಬಾರದು. ಕುರ್ಚಿಯಲ್ಲಿ, ಮಂಚದಲ್ಲಿ ಅಥವಾ ಕಂಬಳಿಯ ಜೋಲಿಯಲ್ಲಿ ರಸ್ತೆಯವರೆಗೆ ಹೊತ್ತು ತರಬೇಕು. 108ಕ್ಕೆ ಕರೆ ಮಾಡಬೇಕು. ಅದು ಬರಲು ತಡವಾದರೆ ಊರಿನ ಯಾವುದೇ ವಾಹನವಾದರೂ ಸರಿ. ಬೈಕ್ ಮಾತ್ರವೇ ಇದ್ದಲ್ಲಿ ಚಾಲಕನಿಗೂ ಹಿಂದೆ ಕುಳಿತವರಿಗೂ ನಡುವೆ ಆಕೆಯನ್ನು ಕೂರಿಸಿ ಹಿಡಿದುಕೊಳ್ಳಬೇಕು.

ಹೊರಡುವಾಗಲೇ ಆಸ್ಪತ್ರೆಗೆ ದೂರವಾಣಿ ಮಾಡಿ ಪ್ರತಿವಿಷ ಇದೆಯೇ ಎಂದು ಕೇಳಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿಯೂ ವೈದ್ಯರೂ ಇದ್ದರೆ 7.30ಕ್ಕೆಲ್ಲ ಆಕೆ ಅಲ್ಲಿರುತ್ತಾಳೆ. ಸುಮಾರು 2 ಮಿಲಿಲೀಟರ್ ರಕ್ತವನ್ನು ಒಣಗಿದ ಸ್ವಚ್ಛ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ನೋಡಲಾಗುತ್ತದೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದರ್ಥ. 8 ಗಂಟೆಯ ಹೊತ್ತಿಗೆ ಪ್ರತಿವಿಷದ ಡ್ರಿಪ್ ಆರಂಭವಾಗಬಹುದು. ಹಾವನ್ನು ಕೊಂದು ತರುವ ಅಗತ್ಯವಿಲ್ಲ. ನಮ್ಮಲ್ಲಿ ದೊರೆಯುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕಕ್ಕೂ ಒಂದೇ ಔಷಧಿಯಾಗಿ ತಯಾರಿಸಲಾಗಿದೆ. ಮಗುವಿಗೆ ಕಡಿಮೆ ಔಷಧಿ ಸಾಕೆಂಬುದೂ ತಪ್ಪು. ಹಾವು ಮಗುವಿನ ವಯಸ್ಸು ನೋಡಿ ವಿಷ ಬಿಡುವುದಿಲ್ಲ. ದೊಡ್ಡವರಿಗೆ ಕೊಡುವಷ್ಟನ್ನೇ ಮಗುವಿಗೂ ಕೊಡಲಾಗುತ್ತದೆ.

ಮೇಲಿನದು ನೋವು, ಊತ ಕಣ್ಣಿಗೆ ಕಾಣುವ ಕಡಿತ. ಕಾಣದ ಕಡಿತವೂ ಒಂದಿದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಹಲವರಿಗೆ ಎಚ್ಚರವೇ ಆಗುವುದಿಲ್ಲ. ಗಾಯದ ಗುರುತು, ಊತ, ನೋವು ಬಹುತೇಕ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಎದ್ದವರಿಗೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಮಲಗಿಸಲಾಗುತ್ತದೆ. ನೆಲದ ಮೇಲೆ ಮಲಗಿದ್ದವರಿಗೆ ಹೀಗಾಗಿ, ಜೊತೆಗೆ ಕಣ್ಣಿನ ರೆಪ್ಪೆ ಜೋಲುವುದು, ಎಲ್ಲವೂ ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ಉಗುಳು ನುಂಗಲಾಗದಿರುವುದು ಕಂಡುಬಂದರೆ ಹಾವಿನ ಕಡಿತವೆಂದೇ ಭಾವಿಸಿ ಹೊರಡಬೇಕು. ಬಾಯಿಗೆ ನೀರು, ಕಷಾಯ ಏನನ್ನೂ ಹಾಕದೆ ಎಡ ಮಗ್ಗುಲಿಗೆ ಮಲಗಿಸಬೇಕು. ಈ ವಿಷ ಸ್ನಾಯುಗಳನ್ನು ಸೋಲಿಸುತ್ತದೆ. ರೋಗಿ ಕಣ್ಣು ತೆರೆಯಲಾರದೆ, ಕೈ ಎತ್ತಲಾರದೆ ಸತ್ತಂತೆ ಕಾಣಬಹುದು. ಆದರೆ ಸುತ್ತಲಿನವರ ಮಾತು ಅವರಿಗೆ ಕೇಳಿಸುತ್ತಿರಬಹುದು. ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ವೆಂಟಿಲೇಟರ್ ಆಸರೆಯಲ್ಲಿ ದಿನಗಟ್ಟಲೆ ಇದ್ದು ಪೂರ್ಣ ಗುಣವಾಗುವ ರೋಗಿಗಳಿದ್ದಾರೆ. ಮರಣವನ್ನು ವೈದ್ಯರೇ ಘೋಷಿಸಬೇಕು, ಊರವರಲ್ಲ.

ಮಂತ್ರ, ವಿಷಕಲ್ಲು, ಕೋಳಿಯನ್ನು ಗಾಯಕ್ಕೆ ಒತ್ತುವುದು ಇವುಗಳಿಂದ ಬದುಕಿದವರನ್ನು ಕಣ್ಣಾರೆ ಕಂಡಿದ್ದೇವೆ ಎಂಬ ಮಾತು ಗ್ರಾಮಸಭೆಯಲ್ಲಿ ಬಂದೇ ಬರುತ್ತದೆ. ಹಾಗೆ ಹೇಳುವವರು ಸುಳ್ಳಾಡುತ್ತಿಲ್ಲ. ಕೇರೆಹಾವು, ನೀರುಹಾವುಗಳಿಗೆ ವಿಷವಿಲ್ಲ. ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂತಹವರು ಏನೂ ಮಾಡದಿದ್ದರೂ ಬದುಕುತ್ತಿದ್ದರು. ಕೀರ್ತಿ ಕಲ್ಲಿಗೆ ಸಂದಿತು. ಬೇವಿನ ಎಲೆ ಕಹಿಯಾಗಿದೆಯೇ, ಮೆಣಸಿನಕಾಯಿ ಖಾರವಾಗಿದೆಯೇ ಎಂದು ತಿನ್ನಿಸಿ ನೋಡುವುದರಿಂದಲೂ ವಿಷ ಏರಿದೆಯೋ ಇಲ್ಲವೋ ತಿಳಿಯದು. ಕಡಿತಕ್ಕೊಳಗಾದವರನ್ನು, ಚೆನ್ನಾಗಿಯೇ ಕಂಡರೂ, 24 ಗಂಟೆ ಆಸ್ಪತ್ರೆಯಲ್ಲಿ ಗಮನಿಸಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಮಂತ್ರ ಹಾಕುವವರೊಡನೆ ಜಗಳ ಬೇಡ. ವಾಹನ ಹತ್ತಿದ ಮೇಲೆ ಪ್ರಾರ್ಥನೆ ಮಾಡಲಿ, ಬೇಕಾದರೆ ಜೊತೆಗೂ ಬರಲಿ ಎಂದು ಅವರನ್ನೇ ಒಪ್ಪಿಸಿದ ಕಡೆ ಸಮಯ ಉಳಿಯುತ್ತದೆ.

2024ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಮನೆಯಲ್ಲೇ ಸತ್ತು ಮಣ್ಣಾದವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಲೆಕ್ಕವಿಲ್ಲದ ಕಡೆಗೆ ಔಷಧಿಯ ಬೇಡಿಕೆಯನ್ನು ಸಮರ್ಥಿಸುವುದೂ ಕಷ್ಟ. ತಮ್ಮ ವಾರ್ಡಿನ ಪ್ರಕರಣಗಳನ್ನು ಸದಸ್ಯರು ಆಶಾ ಕಾರ್ಯಕರ್ತೆಯ ಮೂಲಕ ಆರೋಗ್ಯ ಕೇಂದ್ರಕ್ಕೆ ತಿಳಿಸಬಹುದು.

ಪ್ರತಿ ಪಂಚಾಯಿತಿಯೂ ಮಳೆಗಾಲಕ್ಕೆ ಮುಂಚೆ ಮೂರು ವಿಷಯಗಳನ್ನು ವಿಚಾರಿಸಿಟ್ಟುಕೊಳ್ಳುವುದು ಸೂಕ್ತ: ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ ಮತ್ತು ಎಷ್ಟು ವಯಲ್ ಇದೆ, ರಾತ್ರಿ ಅಲ್ಲಿ ವೈದ್ಯರು ಇರುತ್ತಾರೆಯೇ, ವೆಂಟಿಲೇಟರ್ ಇರುವ ಅತಿ ಸಮೀಪದ ಸ್ಥಳ ಯಾವುದು. ಒಬ್ಬ ರೋಗಿಗೆ ಮೊದಲ ಸುತ್ತಿಗೇ ಸಾಮಾನ್ಯವಾಗಿ 10 ವಯಲ್ ಬೇಕಾಗುವುದರಿಂದ, ಎರಡು ಮೂರು ವಯಲ್ ಇದ್ದರೆ ಅದನ್ನು ದಾಸ್ತಾನು ಎನ್ನಲಾಗದು. ಈ ವಿವರಗಳನ್ನೂ, ರಾತ್ರಿ ಕರೆದರೆ ಬರಲು ಒಪ್ಪಿದ ವಾಹನ ಮಾಲೀಕರ ಸಂಖ್ಯೆಗಳನ್ನೂ ಪಂಚಾಯಿತಿ ಕಚೇರಿ, ಅಂಗನವಾಡಿ ಮತ್ತು ಹಾಲಿನ ಡೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ದಾಸ್ತಾನು ಬದಲಾಗುತ್ತಿರುವುದರಿಂದ ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆ ಮಾಡಿ ಗೋಡೆಯ ಬರಹವನ್ನು ತಿದ್ದುವ ಕೆಲಸಕ್ಕೆ ಒಬ್ಬ ಸದಸ್ಯರನ್ನು ಸಭೆಯ ನಡಾವಳಿಯಲ್ಲಿಯೇ ಹೆಸರಿಸಬೇಕು.