ಎದೆಯುರಿಯಿಲ್ಲದ ಹುಳಿ: ಗಂಟಲು ಕೆಡಿಸುವ ಜಠರರಸ

(ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಡೆದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಬೆಳಿಗ್ಗೆ ಎದ್ದೊಡನೆ ಬಾಯಲ್ಲಿ ಹುಳಿ, ಮಧ್ಯಾಹ್ನದವರೆಗೂ ಗಂಟಲನ್ನು ಕ್ಯಾಕರಿಸುವ ಅಭ್ಯಾಸ, ಒಡಕು ಧ್ವನಿ, ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಿರುವಂತೆ ಅನಿಸುವುದು. ಈ ತೊಂದರೆಗಳನ್ನು ಹೇಳಿಕೊಂಡು ನಮ್ಮ ಆರೋಗ್ಯ ಕೇಂದ್ರಕ್ಕೆ ಬರುವವರು ಹಲವರು. ಇದು ಶೀತವೆಂದು ಕೆಲವರು ಕಷಾಯ ಕುಡಿಯುತ್ತಾರೆ. ಕ್ಷಯವಿರಬಹುದೆಂದು ಕೆಲವರು ಅಂಜುತ್ತಾರೆ. ಹೊಟ್ಟೆಯಿಂದಲೂ ಗಂಟಲು ಕೆಡಬಹುದೆಂಬ ವಿಷಯ ಬಹುಮಂದಿಗೆ ಹೊಳೆಯುವುದಿಲ್ಲ. ಆ ವಿಷಯವನ್ನು ಒಂದು ಮನೆಯ ಉದಾಹರಣೆಯ ಮೂಲಕ ಇಂದು ತಮಗೆ ತಿಳಿಸಬಯಸುತ್ತೇನೆ.

ಆ ರೈತರಿಗೆ ಸುಮಾರು ಮೂವತ್ತೆಂಟು ವರ್ಷ. ಹೆಸರು ಬೇಡ. ಕಬ್ಬಿನ ಗದ್ದೆಯಿದೆ. ಶನಿವಾರದ ಭಜನೆಯಲ್ಲಿ ಮೊದಲ ಸಾಲನ್ನು ಎತ್ತಿಕೊಡುವವರು ಅವರೇ. ಮೂರು ತಿಂಗಳಿಂದ ಅವರ ಧ್ವನಿ ಏರುಸ್ವರಕ್ಕೆ ಹೋಗುತ್ತಿರಲಿಲ್ಲ. ಭಜನೆಯ ನಡುವೆ ಗಂಟಲು ಸರಿಮಾಡಿಕೊಳ್ಳಲು ಎದ್ದು ಹೊರಗೆ ಹೋಗಬೇಕಾಗುತ್ತಿತ್ತು. ಮೊದಲ ಸಲ ಬಂದಾಗ ನಾನು ಶೀತವೆಂದು ಭಾವಿಸಿ ಐದು ದಿನದ ಮಾತ್ರೆ ಕೊಟ್ಟೆ. ಗುಣವಾಗಲಿಲ್ಲ. ಎರಡನೆಯ ಸಲ ಬಂದಾಗ ಅವರ ಪತ್ನಿಯೂ ಜೊತೆಗಿದ್ದರು. ಗಂಡನಿಗೆ ಕ್ಷಯವೆಂಬ ಶಂಕೆಯಿಂದ ಆಕೆ ಅವರ ಲೋಟ ತಟ್ಟೆಗಳನ್ನು ಬೇರೆ ಇರಿಸಿದ್ದರು. ಮಕ್ಕಳನ್ನು ತಂದೆಯ ಬಳಿ ಮಲಗಿಸುತ್ತಿರಲಿಲ್ಲ. ಗಂಡನಿಗೆ ಇದ್ದ ಅಂಜಿಕೆ ಬೇರೆ. ಹದಿನೈದು ವರ್ಷಗಳಿಂದ ಬೀಡಿ ಸೇದಿದ್ದರಿಂದ ಗಂಟಲಿನ ಕ್ಯಾನ್ಸರ್ ಆಗಿದೆಯೆಂದು ಅವರು ಯಾರಿಗೂ ಹೇಳದೆ ಕೊರಗುತ್ತಿದ್ದರು.

ಇಬ್ಬರ ಅಂಜಿಕೆಯೂ ಅಲ್ಲಗಳೆಯುವಂಥದ್ದಾಗಿರಲಿಲ್ಲ. ಎರಡು ವಾರಕ್ಕೂ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಧ್ವನಿಯ ಒಡಕು ನಾಲ್ಕು ವಾರವಾದರೂ ಹೋಗದಿದ್ದರೆ ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ನೋಡಲೇಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ ಅಥವಾ ಮದ್ಯದ ಅಭ್ಯಾಸವಿರುವವರು ಅಷ್ಟು ದಿನವೂ ಕಾಯಬಾರದು. ನೋಡದೆಯೇ "ಇದು ಆಮ್ಲದ ತೊಂದರೆ" ಎಂದು ಮಾತ್ರೆ ಕೊಡುವುದು ಸರಿಯಲ್ಲ. ಏಕೆಂದರೆ ಗಡ್ಡೆಯೊಂದು ಇದ್ದರೆ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. ಆದುದರಿಂದ ಕಫವನ್ನು ಪರೀಕ್ಷಿಸಿದೆವು. ಕ್ಷಯವಿರಲಿಲ್ಲ. ಅನಂತರ ಅವರನ್ನು ಕಿವಿ, ಮೂಗು, ಗಂಟಲಿನ ತಜ್ಞರ ಬಳಿಗೆ ಕಳುಹಿಸಿದೆ. ತಜ್ಞರು ಮೂಗಿನ ಮೂಲಕ ತೆಳುವಾದ ನಳಿಕೆಯೊಂದನ್ನು ಇಳಿಸಿ ನೋಡಿದರು. ಕೆಲವೇ ನಿಮಿಷಗಳ ಕೆಲಸ. ಗಡ್ಡೆ ಇರಲಿಲ್ಲ. ಧ್ವನಿಪೆಟ್ಟಿಗೆಯ ಹಿಂಭಾಗ ಮಾತ್ರ ಕೆಂಪಾಗಿ ಬಾತುಕೊಂಡಿತ್ತು. ಈ ಕೆಂಪು ಬೀಡಿಯಿಂದಲೂ ಬರಬಹುದು, ಹೆಚ್ಚು ಕೂಗುವುದರಿಂದಲೂ ಬರಬಹುದು. ಆದಕಾರಣ ಕೆಂಪನ್ನು ನೋಡಿದ ಮಾತ್ರಕ್ಕೆ ನಿರ್ಣಯಕ್ಕೆ ಬರುವಂತಿಲ್ಲ. ದಿನಚರಿಯನ್ನೂ ವಿಚಾರಿಸಬೇಕು.

ವಿಚಾರಿಸಿದಾಗ ತಿಳಿದುದು ಇಷ್ಟು. ಪಂಪ್‌ಸೆಟ್ಟಿಗೆ ಕರೆಂಟು ಬರುತ್ತಿದ್ದುದು ರಾತ್ರಿಯ ಹೊತ್ತು. ಅವರು ಸಂಜೆ ಏಳಕ್ಕೆ ಟೀ ಕುಡಿದು ಗದ್ದೆಗೆ ಹೋದರೆ ಮರಳುತ್ತಿದ್ದುದು ಹನ್ನೊಂದಕ್ಕೆ. ಅಲ್ಲಿಯವರೆಗೆ ಪತ್ನಿ ಉಣ್ಣದೆ ಕಾಯುತ್ತಿದ್ದರು. ಇಬ್ಬರೂ ಹೊಟ್ಟೆ ತುಂಬ ಮುದ್ದೆ, ಖಾರದ ಸಾರು ಉಂಡು, ಕೈತೊಳೆದು, ಒಡನೆಯೇ ಮಲಗುತ್ತಿದ್ದರು. ಬೆಳಗಾಗುವ ವೇಳೆಗೆ ಅವರ ಬಾಯಿ ಹುಳಿಯಾಗಿರುತ್ತಿತ್ತು.

"ಡಾಕ್ಟ್ರೇ, ಇವರಿಗೆ ಒಂದು ದಿನವೂ ಎದೆಯುರಿ ಬಂದಿಲ್ಲವಲ್ಲ. ಗಂಟಲು ತೋರಿಸಲು ಬಂದರೆ ಊಟದ ಮಾತು ಏಕೆ?" ಎಂದು ಆಕೆ ಕೇಳಿದರು. ಅದು ಯೋಗ್ಯವಾದ ಪ್ರಶ್ನೆ. ಅದಕ್ಕೆ ಕೊಟ್ಟ ಉತ್ತರವನ್ನೇ ತಮಗೂ ಹೇಳುತ್ತೇನೆ.

ನಾವು ನುಂಗಿದ ಆಹಾರ ಅನ್ನನಾಳದ ಮೂಲಕ ಜಠರಕ್ಕೆ ಇಳಿಯುತ್ತದೆ. ಜಠರದಲ್ಲಿ ತೀಕ್ಷ್ಣವಾದ ಆಮ್ಲವೂ, ಮಾಂಸ ಬೇಳೆಗಳನ್ನು ಕರಗಿಸುವ ಪೆಪ್ಸಿನ್ ಎಂಬ ರಸವೂ ಇರುತ್ತವೆ. ಇವು ಮೇಲಕ್ಕೆ ಬಾರದಂತೆ ಅನ್ನನಾಳದ ಕೆಳತುದಿಯಲ್ಲಿ ಒಂದು, ಮೇಲ್ತುದಿಯಲ್ಲಿ ಒಂದು, ಹೀಗೆ ಎರಡು ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಗದ್ದೆಯ ತೂಬಿಗೆ ಇಟ್ಟ ಹಲಗೆಗಳಂತೆ ಇವು ಎಂದು ತಿಳಿಯಿರಿ. ಕೆಳಗಿನ ಹಲಗೆ ಸಡಿಲಿದರೆ ರಸ ಅನ್ನನಾಳಕ್ಕೆ ಏರುತ್ತದೆ. ಮೇಲಿನದೂ ಸಡಿಲಿದರೆ ಗಂಟಲಿಗೇ ತಲುಪುತ್ತದೆ.

ಅನ್ನನಾಳಕ್ಕೆ ತನ್ನನ್ನು ಕಾಪಾಡಿಕೊಳ್ಳುವ ಶಕ್ತಿಯುಂಟು. ಅದು ಹಿಂಡಿ ಹಿಂಡಿ ರಸವನ್ನು ಕೆಳಗೆ ನೂಕುತ್ತದೆ. ನುಂಗಿದ ಜೊಲ್ಲು ಉಳಿದ ಆಮ್ಲವನ್ನು ಶಮನ ಮಾಡುತ್ತದೆ. ಆದುದರಿಂದ ರಸ ಬೇಗನೆ ದಾಟಿಹೋದರೆ ಎದೆಯುರಿಯೇ ತೋರದಿರಬಹುದು. ಧ್ವನಿಪೆಟ್ಟಿಗೆಗೆ ಈ ರಕ್ಷಣೆ ಅಷ್ಟಾಗಿ ಇಲ್ಲ. ಅದರ ಒಳಪೊರೆ ಬಲು ಕೋಮಲ. ತೊಟ್ಟು ರಸ ಮತ್ತೆ ಮತ್ತೆ ಸೋಕಿದರೂ ಅದು ಬಾತುಕೊಳ್ಳುತ್ತದೆ, ಲೋಳೆ ಹೆಚ್ಚುತ್ತದೆ. ಆ ಲೋಳೆಯನ್ನು ತೆಗೆಯಲು ಕ್ಯಾಕರಿಸುತ್ತೇವೆ. ಕ್ಯಾಕರಿಸುವಾಗ ಧ್ವನಿತಂತುಗಳು ಒಂದಕ್ಕೊಂದು ಬಡಿದು ಇನ್ನಷ್ಟು ಊದಿಕೊಳ್ಳುತ್ತವೆ. ಆಗ ಮತ್ತೆ ಕ್ಯಾಕರಿಸಬೇಕೆನಿಸುತ್ತದೆ. ಎದೆಯುರಿಯ ಸುಳಿವನ್ನು ಕೊಡದೆ ಬರುವುದರಿಂದ ಇದನ್ನು ಮೌನ ಹಿಮ್ಮುಖ ಹರಿವು ಎಂದು ಕರೆಯಬಹುದು.

ಇನ್ನು ಚಿಕಿತ್ಸೆಯ ವಿಚಾರ. ಆ ದಂಪತಿಗಳಿಗೆ ನಾವು ಹೇಳಿದ ಮೊದಲನೆಯ ಮಾತು ಊಟದ ವೇಳೆಯದು. ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆಯ ಅಂತರವಿರಬೇಕು. ತುಂಬಿದ ಕೊಡವನ್ನು ಅಡ್ಡ ಮಲಗಿಸಿದರೆ ನೀರು ಬಾಯಿಗೆ ಬರುವಂತೆ, ತುಂಬಿದ ಹೊಟ್ಟೆಯೊಡನೆ ಮಲಗಿದರೆ ರಸ ಮೇಲಕ್ಕೆ ಬರುತ್ತದೆ. ಕರೆಂಟಿನ ವೇಳೆಯನ್ನು ಬದಲಿಸುವುದು ಅವರ ಕೈಯಲ್ಲಿರಲಿಲ್ಲ, ಊಟದ ವೇಳೆಯನ್ನು ಬದಲಿಸುವುದು ಸಾಧ್ಯವಿತ್ತು. ಸಂಜೆ ಆರೂವರೆಗೆ ಮಕ್ಕಳೊಡನೆ ಎಲ್ಲರೂ ಊಟ ಮುಗಿಸಿ, ಅನಂತರ ಅವರು ಗದ್ದೆಗೆ ಹೋಗುವುದೆಂದು ಗೊತ್ತುಮಾಡಿದರು. ಮರಳಿದ ಮೇಲೆ ತಡೆಯಲಾರದ ಹಸಿವಿದ್ದರೆ ಒಂದು ಬಾಳೆಹಣ್ಣು, ಸ್ವಲ್ಪ ನೀರು, ಅಷ್ಟೇ. ಇದಕ್ಕಾಗಿ ಪತ್ನಿ ಅಡಿಗೆಯನ್ನು ಬೇಗ ಮುಗಿಸಬೇಕಾಯಿತು. ಸಂಜೆ ಹಸುವಿಗೆ ಹುಲ್ಲು ಹಾಕಿ ಹಾಲು ಕರೆಯುವ ಕೆಲಸವನ್ನು ಪತಿ ವಹಿಸಿಕೊಂಡರು. ಪತಿಗಾಗಿ ರಾತ್ರಿ ಹನ್ನೊಂದರವರೆಗೆ ಹಸಿದು ಕಾಯುವುದು ಆಕೆಗೂ ತಪ್ಪಿತು.

ಎರಡನೆಯದು ಮಲಗುವ ರೀತಿ. ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ, ಅಲುಗಾಡದಂತೆ, ಆರರಿಂದ ಎಂಟು ಅಂಗುಲ ಎತ್ತರದ ಮರದ ತುಂಡು ಅಥವಾ ಇಟ್ಟಿಗೆಗಳನ್ನು ಇಡಬೇಕು. ದಿಂಬಿನ ಮೇಲೆ ದಿಂಬು ಇಟ್ಟರೆ ಕತ್ತು ಸೊಂಟಗಳು ಬಾಗಿ ಹೊಟ್ಟೆ ಒತ್ತಿಕೊಳ್ಳುತ್ತದೆ, ಅದರಿಂದ ಉಪಯೋಗವಿಲ್ಲ. ಚಾಪೆಯ ಮೇಲೆ ಮಲಗುವವರು ಕಂಬಳಿಗಳನ್ನು ಮಡಿಸಿ, ಸೊಂಟದಿಂದ ತಲೆಯವರೆಗೆ ಮೆಲ್ಲನೆ ಏರುವ ಇಳಿಜಾರು ಮಾಡಿಕೊಳ್ಳಬಹುದು. ಎಡಮಗ್ಗುಲಿಗೆ ಮಲಗುವುದು ಒಳ್ಳೆಯದು. ಹಾಗೆ ಮಲಗಿದಾಗ ಜಠರದ ಬಾಯಿ ರಸದ ಮಟ್ಟಕ್ಕಿಂತ ಮೇಲಿರುತ್ತದೆ.

ಮೂರನೆಯದು, ಸ್ನಾಯುಗಳನ್ನು ಸಡಿಲಿಸುವ ಮತ್ತು ಗಂಟಲನ್ನು ಕೆರಳಿಸುವ ವಸ್ತುಗಳು. ಬೀಡಿ ಎರಡನ್ನೂ ಮಾಡುತ್ತದೆ. ಅವರು ಅದನ್ನು ಪೂರ್ಣವಾಗಿ ಬಿಟ್ಟರು. ದಿನಕ್ಕೆ ಆರು ಲೋಟವಿದ್ದ ಟೀಯನ್ನು ಎರಡಕ್ಕೆ ಇಳಿಸಿದರು. ಸಂಜೆಯ ಊಟದಲ್ಲಿ ಖಾರ ಹುಳಿಗಳನ್ನೂ ಕರಿದ ತಿಂಡಿಯನ್ನೂ ಕಡಿಮೆ ಮಾಡಿದರು. ಮುದ್ದೆಯನ್ನು ಬಿಡಬೇಕಾಗಿರಲಿಲ್ಲ, ಪ್ರಮಾಣವನ್ನು ತಗ್ಗಿಸಿದರೆ ಸಾಕಾಗಿತ್ತು. ಕ್ಯಾಕರಿಸಬೇಕೆನಿಸಿದಾಗ ಒಂದು ಗುಟುಕು ನೀರು ಕುಡಿದು ನುಂಗಲು ಹೇಳಿದೆ. ಇದೊಂದು ಚಿಕ್ಕ ಉಪಾಯವಾದರೂ ಧ್ವನಿತಂತುಗಳಿಗೆ ದೊಡ್ಡ ವಿಶ್ರಾಂತಿ.

"ಮಾತ್ರೆ ಇಲ್ಲವೇ?" ಎಂದು ತಾವು ಕೇಳಬಹುದು. ಆಮ್ಲವನ್ನು ತಗ್ಗಿಸುವ ಒಮೆಪ್ರಜೋಲ್‌ನಂತಹ ಮಾತ್ರೆಗಳಿವೆ. ಎದೆಯುರಿಯೂ ಜೊತೆಗಿರುವವರಿಗೆ ಅವು ನಿಜಕ್ಕೂ ಸಹಾಯಕ. ಅವನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಆದರೆ ಗಂಟಲಿನ ತೊಂದರೆಯೇ ಮುಖ್ಯವಾಗಿರುವವರಲ್ಲಿ ಫಲ ಅನಿಶ್ಚಿತ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಇಂತಹ ರೋಗಿಗಳಿಗೆ ಇದೇ ಜಾತಿಯ ಮಾತ್ರೆಯನ್ನು ದಿನಕ್ಕೆ ಎರಡು ಸಲದಂತೆ 16 ವಾರ ಕೊಟ್ಟು ನೋಡಿದರು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗಿಂತ ಅವರಿಗೆ ಹೆಚ್ಚಿನ ಗುಣ ಕಾಣಲಿಲ್ಲ. ಮಾತ್ರೆ ಆಮ್ಲವನ್ನು ತಗ್ಗಿಸಬಲ್ಲದು, ಸಡಿಲಿದ ಹಲಗೆಯನ್ನು ಬಿಗಿಮಾಡಲಾರದು. ಆದುದರಿಂದ ಅಂಗಡಿಯಲ್ಲಿ ತಾವಾಗಿಯೇ ಕೊಂಡು ತಿಂಗಳುಗಟ್ಟಲೆ ನುಂಗಬೇಡಿರಿ. ಅಡಿಗೆ ಸೋಡವನ್ನು ನಿತ್ಯವೂ ಕುಡಿಯುವ ರೂಢಿಯೂ ಬೇಡ. ಅದರಲ್ಲಿ ಸೋಡಿಯಂ ಬಹಳವಿರುವುದರಿಂದ ರಕ್ತದೊತ್ತಡವಿರುವವರಿಗೆ ಕೇಡು.

ಗರ್ಭಿಣಿಯರ ವಿಷಯವಾಗಿ ಒಂದು ಮಾತು. ಗರ್ಭಕಾಲದಲ್ಲಿ ಕೆಳಗಿನ ಸ್ನಾಯು ಸಹಜವಾಗಿಯೇ ಸಡಿಲಗೊಳ್ಳುತ್ತದೆ. ಬೆಳೆಯುವ ಗರ್ಭ ಜಠರವನ್ನು ಒತ್ತುತ್ತದೆ. ಆಗ ಕಾಣುವ ಹುಳಿತೇಗು ಸಾಮಾನ್ಯವಾಗಿ ಹೆರಿಗೆಯ ನಂತರ ತಗ್ಗುತ್ತದೆ. ಅಲ್ಲಿಯವರೆಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣಬೇಕು. ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ತೆಗೆದುಕೊಳ್ಳಬಾರದು.

ಆ ರೈತರಿಗೆ ಆರು ವಾರಗಳಲ್ಲಿ ಬೆಳಗಿನ ಹುಳಿ ನಿಂತಿತು. ಕ್ಯಾಕರಿಸುವುದು ಬಹುಮಟ್ಟಿಗೆ ನಿಲ್ಲಲು ಮೂರು ತಿಂಗಳು ಹಿಡಿಯಿತು. ಭಜನೆಯ ಏರುಸ್ವರ ನಾಲ್ಕನೆಯ ತಿಂಗಳಲ್ಲಿ ಮರಳಿತು. ಬಾತ ಪೊರೆ ನಿಧಾನವಾಗಿ ಇಳಿಯುವುದರಿಂದ ಎರಡು ವಾರದಲ್ಲಿ ಫಲ ಕಾಣಲಿಲ್ಲವೆಂದು ಕೈಬಿಡಬಾರದು. ಮದುವೆಯ ಕಾಲದಲ್ಲಿ ನಾಲ್ಕಾರು ದಿನ ಹೊತ್ತುಮೀರಿ ಉಂಡಾಗ ಅವರಿಗೆ ತೊಂದರೆ ಮತ್ತೆ ತಲೆಯೆತ್ತಿತು. ಹಳೆಯ ಕ್ರಮಕ್ಕೆ ಬಂದೊಡನೆ ತಗ್ಗಿತು. ಊಟದ ವೇಳೆಯೇ ಕಾರಣವೆಂಬುದಕ್ಕೆ ಅವರಿಗೆ ಅದಕ್ಕಿಂತ ಬೇರೆ ಪುರಾವೆ ಬೇಕಾಗಲಿಲ್ಲ.

ಕಡೆಯದಾಗಿ, ಈ ಚಿಹ್ನೆಗಳು ಕಂಡರೆ ಊಟದ ವೇಳೆಯನ್ನು ಬದಲಿಸುತ್ತ ಮನೆಯಲ್ಲಿ ಕೂರಬಾರದು: ನುಂಗಲು ಕಷ್ಟವಾಗುವುದು, ಕಫದಲ್ಲಿ ಅಥವಾ ವಾಂತಿಯಲ್ಲಿ ರಕ್ತ, ಕತ್ತಿನಲ್ಲಿ ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು, ಒಂದೇ ಕಿವಿಯಲ್ಲಿ ಬಿಡದ ನೋವು. ಉಸಿರಾಡುವಾಗ ಗಂಟಲಿನಿಂದ ಸದ್ದು ಬಂದರೆ ಆ ದಿನವೇ ಆಸ್ಪತ್ರೆಗೆ ಬರಬೇಕು.

ಆ ಮನೆಯಲ್ಲಿ ಕಫ ಪರೀಕ್ಷೆಯ ಫಲಿತಾಂಶ ಬಂದ ಸಂಜೆಯೇ ಬೇರೆ ಇಟ್ಟಿದ್ದ ಲೋಟವನ್ನು ಒಳಗೆ ತಂದರೆಂದು ಆಕೆಯೇ ನನಗೆ ಹೇಳಿದರು. ಪರೀಕ್ಷೆಗೆ ಮೊದಲೇ ಬಂದಿದ್ದರೆ ಮೂರು ತಿಂಗಳು ಅದು ಹೊರಗಿರಬೇಕಾಗಿರಲಿಲ್ಲ. ತಮ್ಮ ಮನೆಯಲ್ಲಿ ಯಾರದಾದರೂ ಧ್ವನಿ ಒಡೆದು ನಾಲ್ಕು ವಾರವಾಗಿದ್ದರೆ, ಪತಿಪತ್ನಿಯರು ಇಬ್ಬರೂ ಕೂಡಿಯೇ ಬನ್ನಿರಿ. ಗಂಟಲನ್ನು ತೋರಿಸಿರಿ, ರಾತ್ರಿ ಎಷ್ಟು ಹೊತ್ತಿಗೆ ಉಣ್ಣುವಿರೆಂಬುದನ್ನೂ ಹೇಳಿರಿ.