ಗಡಿಯಾರ ಯಾರ ಕೈಯಲ್ಲಿತ್ತು?



ದುಡಿಮೆಯ ಅವಧಿ ಇಳಿದ ಕಥೆಯನ್ನು ನಾವು ಕಾಯ್ದೆಗಳ ಇಸವಿಯ ಲೆಕ್ಕದಲ್ಲಿ ಹೇಳಿ ಮುಗಿಸುತ್ತೇವೆ. ನಾನು ಇಂಗ್ಲೆಂಡಿನ ಹತ್ತಿಗಿರಣಿಗಳ ಮೂರು ವರ್ಷಗಳ ಮೇಲೆ ಮೊದಲು ನಿಮ್ಮ ಗಮನ ಸೆಳೆಯುತ್ತೇನೆ.

1847ರ ಕಾಯ್ದೆ ಹೆಂಗಸರಿಗೂ ಹದಿನೆಂಟರೊಳಗಿನ ಹುಡುಗ ಹುಡುಗಿಯರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿತು. 1848ರ ಮೇ ತಿಂಗಳಿಂದ ಅದು ಪೂರ್ತಿಯಾಗಿ ಜಾರಿಗೆ ಬಂತು. ಆದರೆ ಆ ಹತ್ತು ಗಂಟೆ ಒಂದೇ ಸಮನೆ ಸಾಗಬೇಕೆಂದು ಕಾಯ್ದೆ ಸ್ಪಷ್ಟವಾಗಿ ಹೇಳಿರಲಿಲ್ಲ. ಬೆಳಗಿನ ಐದೂವರೆಯಿಂದ ರಾತ್ರಿ ಎಂಟೂವರೆವರೆಗೆ, ಹದಿನೈದು ಗಂಟೆ, ಗಿರಣಿ ನಡೆಸಲು ಅವಕಾಶವಿತ್ತು. ಹಲವು ಮಾಲೀಕರು ಕೆಲಸಗಾರರನ್ನು ತಂಡ ತಂಡವಾಗಿ ಒಳಗೆ ಕರೆದರು, ಹೊರಗೆ ಕಳಿಸಿದರು, ಮತ್ತೆ ಕರೆದರು. ನಡುವಿನ ಬಿಡುವಿನಲ್ಲಿ ಮನೆಗೆ ಹೋಗಿ ಬರುವಷ್ಟು ಹೊತ್ತು ಸಿಗುತ್ತಿರಲಿಲ್ಲ. ಪುಸ್ತಕದಲ್ಲಿ ಹತ್ತೇ ಗಂಟೆ. ಹೆಣ್ಣುಮಗಳ ಪಾಲಿಗೆ ಇಡೀ ದಿನ ಗಿರಣಿಯದೇ. ಯಾರು ಯಾವಾಗ ಒಳಗಿದ್ದರೆಂದು ಸಾಬೀತು ಮಾಡಲು ತನಿಖಾಧಿಕಾರಿಗೆ ದಾರಿಯೇ ಇರಲಿಲ್ಲ. ಆದರೂ ಕಾರ್ಖಾನೆ ತನಿಖಾಧಿಕಾರಿ ಲೆನರ್ಡ್ ಹಾರ್ನರ್ ಈ ಪದ್ಧತಿಯ ವಿರುದ್ಧ ಮೊಕದ್ದಮೆ ಹೂಡುತ್ತಲೇ ಹೋದರು. 1850ರಲ್ಲಿ ಮೇಲಿನ ನ್ಯಾಯಾಲಯ ಮಾಲೀಕರ ಪರ ತೀರ್ಪು ಕೊಟ್ಟಿತು.

ಅದೇ ವರ್ಷ ಬಂದ ಹೊಸ ಕಾಯ್ದೆ ಈ ಗಂಟನ್ನು ಬಿಡಿಸಿತು. ಅದು ದುಡಿಮೆಯ ಆದಿ ಅಂತ್ಯಗಳನ್ನೇ ಕಟ್ಟಿಹಾಕಿತು: ಬೆಳಿಗ್ಗೆ ಆರರಿಂದ ಸಂಜೆ ಆರು, ಇಲ್ಲವೇ ಚಳಿಗಾಲದಲ್ಲಿ ಏಳರಿಂದ ಏಳು, ಊಟ ತಿಂಡಿಗೆ ಒಂದೂವರೆ ಗಂಟೆ, ಶನಿವಾರ ಮಧ್ಯಾಹ್ನ ಎರಡಕ್ಕೆ ಕೆಲಸ ಬಂದ್. ಇದಕ್ಕೆ ತೆತ್ತ ಬೆಲೆ ದಿನಕ್ಕೆ ಅರ್ಧ ಗಂಟೆ: ಹತ್ತು ಗಂಟೆ ಹತ್ತೂವರೆಯಾಯಿತು. ಕಾರ್ಮಿಕರಲ್ಲಿ ಹಲವರು ಇದನ್ನು ದ್ರೋಹವೆಂದೇ ಬಗೆದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೂ ಸಂಜೆ ನಿಗದಿಯಾದ ಹೊತ್ತು ಮೀರಿ ಒಬ್ಬ ಹೆಂಗಸು ಯಂತ್ರದ ಮುಂದೆ ಕಂಡರೆ ತಪ್ಪು ಕಣ್ಣಿಗೇ ಕಾಣುವಂತಾಯಿತು. ಜಾರಿಯಾಗುವ ಕಾಯ್ದೆಯ ಗುಣ ಅದು.

ವಯಸ್ಕ ಗಂಡಸರು ಈ ಕಾಯ್ದೆಗಳ ಹೊರಗಿದ್ದರು. ಅವರು ಸ್ವತಂತ್ರರು, ತಮ್ಮ ಚೌಕಾಸಿ ತಾವೇ ಮಾಡಿಕೊಳ್ಳಲಿ ಎಂಬುದು ಸಂಸತ್ತಿನ ವಾದ. ಗಿರಣಿಯಲ್ಲಿ ಹೆಂಗಸರು ಎದ್ದರೆ ಮಗ್ಗವೂ ನಿಲ್ಲುತ್ತಿದ್ದುದರಿಂದ ಅಲ್ಲಿ ಗಂಡಸರಿಗೂ ಬಿಡುಗಡೆ ಸಿಕ್ಕಿತು. ಗಂಡಸರೇ ತುಂಬಿದ ಕಡೆ ಸಂಘವೊಂದೇ ದಾರಿ. 1824ರಲ್ಲಿ ಕೂಟ ನಿಷೇಧದ ಕಾಯ್ದೆಗಳು ರದ್ದಾದರೂ, 1834ರಲ್ಲಿ ಟಾಲ್‌ಪಡಲ್‌ನ ಆರು ಕೃಷಿಕೂಲಿಗಳು ಸಂಘ ಕಟ್ಟುವಾಗ ಗುಟ್ಟಿನ ಪ್ರಮಾಣ ಮಾಡಿಸಿದ್ದಕ್ಕೆ ಏಳು ವರ್ಷದ ಗಡೀಪಾರು ಶಿಕ್ಷೆಗೆ ಗುರಿಯಾದರು. 1871ರ ಕಾಯ್ದೆ ಸಂಘದ ನಿಧಿಗೆ ರಕ್ಷಣೆ ಕೊಟ್ಟಿತು. ಶಾಂತವಾಗಿ ಪಿಕೆಟಿಂಗ್ ಮಾಡಲು 1875ರವರೆಗೆ ಕಾಯಬೇಕಾಯಿತು.

1889ರಲ್ಲಿ ಲಂಡನ್ನಿನ ಅನಿಲ ಕಾರ್ಮಿಕರು ವಿಲ್ ಥಾರ್ನ್ ಮುಂದಾಳತ್ವದಲ್ಲಿ ಸಂಘ ಕಟ್ಟಿ, ಹನ್ನೆರಡು ಗಂಟೆಯ ಎರಡು ಪಾಳಿಗಳ ಬದಲು ಎಂಟು ಗಂಟೆಯ ಮೂರು ಪಾಳಿಗಳನ್ನು ಮುಷ್ಕರವಿಲ್ಲದೆ ಪಡೆದರು. ಅದೇ ವರ್ಷದ ಕೊನೆಗೆ ಶುರುವಾದ ಮುಷ್ಕರದಲ್ಲಿ ದಕ್ಷಿಣ ಲಂಡನ್ನಿನ ಅನಿಲ ಕಂಪನಿಯೊಂದು ಅಲ್ಲಿನ ಸಂಘವನ್ನು ಮುರಿಯಿತು. ಕಾಯ್ದೆಯ ಬೆಂಬಲವಿಲ್ಲದೆ ಸಂಘದ ಬಲದಿಂದ ಮಾತ್ರ ಗೆದ್ದ ಗಂಟೆಗಳು ಎಲ್ಲಿ ಉಳಿದವು, ಎಲ್ಲಿ ಜಾರಿಹೋದವು? ಮೊದಲ ಗೋಷ್ಠಿ ಈ ಪ್ರಶ್ನೆಯಿಂದ ಶುರುವಾಗಲಿ ಎಂದು ಕೋರುತ್ತೇನೆ.