ಕುರಿ-ಮೇಕೆಗಳು ಹಿಂಡಾಗಿ ನಡೆಯುವುದೇಕೆ?

(ಪುಣೆಯ ಕನ್ನಡ ಮಾಧ್ಯಮ ಶಾಲೆಯೊಂದರ ವಿದ್ಯಾರ್ಥಿನಿ ಮಾಡಿದ ಭಾಷಣ)



ಮಳೆಗಾಲ ಮುಗಿದು ದೀಪಾವಳಿ ಸಮೀಪಿಸುತ್ತಿದ್ದಂತೆ ಪುಣೆ ಜಿಲ್ಲೆಯ ರಸ್ತೆಗಳಲ್ಲಿ ಧನಗರರ ಹಿಂಡುಗಳು ಕಾಣತೊಡಗುತ್ತವೆ. ಪೂರ್ವದ ಒಣ ಪ್ರದೇಶದಿಂದ ಹೊರಟು, ಘಟ್ಟ ಇಳಿದು ಕೊಂಕಣದ ಕಡೆಗೆ ಸಾಗುವ ಈ ಹಿಂಡುಗಳಲ್ಲಿ ಬಹುಪಾಲು ಕಪ್ಪು ದಖ್ಖನಿ ಕುರಿಗಳು. ಜೊತೆಗೆ ಕೆಲವು ಮೇಕೆಗಳು. ಕಳೆದ ವರ್ಷ ಸಾಸವಡದ ದಾರಿಯಲ್ಲಿ ಅಂಥ ಒಂದು ಹಿಂಡು ನಮ್ಮ ವಾಹನಕ್ಕೆ ಅಡ್ಡ ಬಂದಿತು. ಅರ್ಧ ಹಿಂಡು ರಸ್ತೆ ದಾಟಿತ್ತು. ತಾಳ್ಮೆಗೆಟ್ಟ ಚಾಲಕನೊಬ್ಬನು ಹಾರನ್ ಬಾರಿಸುತ್ತ ನಡುವೆ ನುಗ್ಗಿದನು. ಹಿಂದುಳಿದ ಕುರಿಗಳು ನಿಲ್ಲಲಿಲ್ಲ. ಆಚೆಯ ಕುರಿಗಳನ್ನು ಸೇರಲು ಚಕ್ರಗಳ ಮುಂದೆಯೇ ಓಡಿದವು. ಒಂದು ಮರಿ ಸತ್ತಿತು. ಅಪಾಯ ಎದುರಿಗಿದ್ದರೂ ಅವು ಏಕೆ ಓಡಿದವು? ಈ ಪ್ರಶ್ನೆಗೆ ಉತ್ತರ ಹುಡುಕಿದಾಗ ತಿಳಿದುದನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯ ಕಾರಣ ಭಯ. ಪುಣೆ ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಇಂದಿಗೂ ತೋಳಗಳಿವೆ. ಕುರಿಗೆ ಉಗುರಿಲ್ಲ, ಕೋರೆಹಲ್ಲಿಲ್ಲ. ಒಂಟಿ ಕುರಿಯನ್ನು ಕಂಡ ತೋಳಕ್ಕೆ ಬೇರೆ ಆಯ್ಕೆಯೇ ಇರುವುದಿಲ್ಲ. ಆದರೆ ನೂರು ಕುರಿಗಳ ಹಿಂಡಿನಿಂದ ತೋಳವು ಒಂದನ್ನು ಹಿಡಿದರೆ, ಪ್ರತಿಯೊಂದು ಕುರಿಯ ಪಾಲಿಗೆ ಅಪಾಯ ನೂರರಲ್ಲಿ ಒಂದು ಭಾಗ ಮಾತ್ರ. ಈ ಅಪಾಯವೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಅಂಚಿನ ಕುರಿಗೆ ಹೆಚ್ಚು, ನಡುವಿನ ಕುರಿಗೆ ಕಡಿಮೆ. ಆದ್ದರಿಂದ ಪ್ರತಿಯೊಂದು ಕುರಿಯೂ ಇತರ ಕುರಿಗಳ ನಡುವೆ ಸೇರಲು ಯತ್ನಿಸುತ್ತದೆ. ಹಿಂಡು ತಾನಾಗಿಯೇ ಬಿಗಿಯಾಗುತ್ತದೆ. ಆಂಗ್ಲ ವಿಜ್ಞಾನಿ ಹ್ಯಾಮಿಲ್ಟನ್ 1971ರಲ್ಲಿ ಈ ವಿಚಾರವನ್ನು ಮಂಡಿಸಿದರು. ಮುಂದೆ ಕುರಿಗಳ ಬೆನ್ನಿಗೆ ಉಪಗ್ರಹ ಸಂಕೇತದಿಂದ ಸ್ಥಾನ ತಿಳಿಸುವ ಸಾಧನವನ್ನು ಕಟ್ಟಿ, ನಾಯಿಯನ್ನು ಅವುಗಳತ್ತ ಬಿಟ್ಟು ಪರೀಕ್ಷಿಸಲಾಯಿತು. ನಾಯಿ ಸಮೀಪಿಸಿದಾಗ ಕುರಿಗಳು ಹಿಂಡಿನ ಕೇಂದ್ರದ ಕಡೆಗೇ ಸರಿದುದು 2012ರಲ್ಲಿ ಪ್ರಕಟವಾಯಿತು.

ಎರಡನೆಯದು, ಹಿಂಡು ಸಾಗುವ ಕ್ರಮ. ಇಡೀ ಹಿಂಡಿಗೆ ಆಜ್ಞೆ ಕೊಡುವ ಒಂದು ಕುರಿ ಇರಬೇಕೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಪ್ರತಿಯೊಂದು ಕುರಿಯೂ ಹೆಚ್ಚಾಗಿ ತನ್ನ ನೆರೆಯ ಕುರಿಗಳನ್ನು ನೋಡಿಕೊಳ್ಳುತ್ತದೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ, ಮೇಯುತ್ತಿರುವಾಗಲೂ ಅಕ್ಕಪಕ್ಕದವು ಅದಕ್ಕೆ ಕಾಣುತ್ತವೆ. ಮೇಯುವಾಗ ಹೊಸ ಹುಲ್ಲಿಗಾಗಿ ಅವು ಮೆಲ್ಲನೆ ಚದುರುತ್ತವೆ. ಅಂತರ ಹೆಚ್ಚಿತೆಂದು ಕಂಡಾಗ ಒಂದು ಕುರಿ ಓಡಿ ನೆರೆಯದನ್ನು ಸೇರುತ್ತದೆ. ಅದನ್ನು ಕಂಡು ಮತ್ತೊಂದು ಓಡುತ್ತದೆ. ಕ್ಷಣಮಾತ್ರದಲ್ಲಿ ಹಿಂಡು ಮತ್ತೆ ಒಂದಾಗುತ್ತದೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯ ಬೆನ್ನುಹತ್ತುವ ಮರಿಗೆ ಈ ಅನುಸರಣೆ ಬಾಲ್ಯದಿಂದಲೇ ಬಂದಿರುತ್ತದೆ.

ಹಾಗಾದರೆ ಮೇಕೆಗಳೇಕೆ? ಮೇಕೆಯ ಸ್ವಭಾವ ಬೇರೆ. ಕುರಿ ತಲೆ ತಗ್ಗಿಸಿ ಗಿಡ್ಡ ಹುಲ್ಲನ್ನು ಮೇಯುತ್ತದೆ. ಮೇಕೆ ಹಿಂಗಾಲುಗಳ ಮೇಲೆ ನಿಂತು ಜಾಲಿಯ ಎಲೆಯನ್ನು ಕೀಳುತ್ತದೆ. ಮೇವಿಗಾಗಿ ಅವುಗಳಲ್ಲಿ ಪೈಪೋಟಿ ಕಡಿಮೆ. ಮೇಲಾಗಿ ಮೇಕೆಗೆ ಕುತೂಹಲವೂ ಧೈರ್ಯವೂ ಹೆಚ್ಚು. ಕಾಲುವೆಯ ಮುಂದೆ ಕುರಿಗಳು ಹೆದರಿ ನಿಂತಾಗ ಮೇಕೆ ಮೊದಲು ಹೆಜ್ಜೆ ಇಡುತ್ತದೆ. ಒಂದು ಕುರಿ ಅದನ್ನು ಹಿಂಬಾಲಿಸಿದರೆ ಸಾಕು, ಉಳಿದವು ದಾಟುತ್ತವೆ. ಆದರೆ ಗಾಬರಿಯಾದಾಗ ಮೇಕೆಗಳು ಕುರಿಗಳಷ್ಟು ಒತ್ತಾಗಿ ಕೂಡುವುದಿಲ್ಲ, ಚದುರುವುದೇ ಹೆಚ್ಚು.

ಈ ಅನುಸರಣೆಯೇ ಕೆಲವೊಮ್ಮೆ ಮೃತ್ಯುವಾಗುತ್ತದೆ. 2005ರಲ್ಲಿ ತುರ್ಕಿ ದೇಶದಲ್ಲಿ ಒಂದು ಕುರಿ ಕಡಿದಾದ ಬಂಡೆಯಿಂದ ಬೀಳಲು, ಸುಮಾರು 1,500 ಕುರಿಗಳು ಅದರ ಹಿಂದೆಯೇ ಹಾರಿದವು. ಕೆಳಗೆ ಬಿದ್ದು ಸತ್ತವು ಸುಮಾರು 450. ಉಳಿದವು ಅವುಗಳ ದೇಹಗಳ ಮೇಲೆ ಬಿದ್ದುದರಿಂದ ಬದುಕಿದವು. ನೆರೆಯದು ಹೋದುದೇ ಸುರಕ್ಷಿತ ದಾರಿಯೆಂಬ ನಂಬಿಕೆಗೆ ಕಂದರ ಕಾಣುವುದಿಲ್ಲ.

ಮೋಟಾರು ಚಕ್ರವೂ ಕಾಣುವುದಿಲ್ಲ. ಹಿಂಡಿನಿಂದ ಬೇರೆಯಾದ ಕುರಿ ಮೇಯುವುದನ್ನು ಬಿಟ್ಟು, ತಲೆಯೆತ್ತಿ, ಎಡೆಬಿಡದೆ ಅರಚುತ್ತದೆ. ಅದಕ್ಕೆ ಒಂಟಿತನವೇ ದೊಡ್ಡ ಅಪಾಯ. ಸಾಸವಡದ ದಾರಿಯಲ್ಲಿ ಓಡಿದ ಕುರಿಗಳು ಮೂರ್ಖತನದಿಂದ ಓಡಲಿಲ್ಲ. ತೋಳದಿಂದ ಅವುಗಳನ್ನು ಕಾಪಾಡುತ್ತ ಬಂದ ಗುಣವೇ ಅವುಗಳನ್ನು ಓಡಿಸಿತು. ಅಂದು ಆ ವೃದ್ಧ ಕುರಿಗಾಹಿ ಸತ್ತ ಮರಿಯನ್ನು ಎತ್ತಿಕೊಳ್ಳುತ್ತ ನಮ್ಮ ತಂದೆಗೆ ಹೇಳಿದ್ದು ಇಷ್ಟೇ: ಹಿಂಡನ್ನು ಎರಡಾಗಿ ಒಡೆಯಬೇಡಿ, ಕೊನೆಯ ಕುರಿ ದಾಟುವವರೆಗೆ ನಿಲ್ಲಿ.

ಆದಕಾರಣ ಸಹಪಾಠಿಗಳೆ, ರಸ್ತೆಯಲ್ಲಿ ಹಿಂಡು ಎದುರಾದಾಗ ವಾಹನವನ್ನು ದೂರದಲ್ಲಿಯೇ ನಿಲ್ಲಿಸುವಂತೆ, ಹಾರನ್ ಬಾರಿಸದಂತೆ ನಿಮ್ಮ ಮನೆಯ ಹಿರಿಯರಿಗೆ ತಿಳಿಸಿರಿ. ಕೆಲವು ನಿಮಿಷ ಕಾದರೆ ಹಿಂಡು ಒಂದಾಗಿಯೇ ದಾಟಿ ಹೋಗುತ್ತದೆ.